ಪರೀಕ್ಷೆ ಸಮಯದಲ್ಲಿ ದೂರದ್ದು ಮಂಜಾದರೆ: ಕನ್ನಡಕಕ್ಕೆ ಮೊದಲು ಒಂದು ಪರೀಕ್ಷೆ

ದಿನಕ್ಕೆ ಹತ್ತು ಗಂಟೆ ಓದೋ ಮಕ್ಕಳಿಗೆ ಇದ್ದಕ್ಕಿದ್ದಂತೆ ದೂರದ ಬೋರ್ಡು ಮಂಜಾಗಿ ಕಾಣೋದು, ಅದಕ್ಕೆ ಅವಸರದಲ್ಲಿ ಮೈನಸ್ ಕನ್ನಡಕ ಹಾಕಿಸೋದು, ಇವತ್ತಿನ ಮಾತು ಇದರ ಬಗ್ಗೆ. ನಾನು ಡಾಕ್ಟರ್ ಅಲ್ಲ. ಹೈದರಾಬಾದಿನಲ್ಲಿರುವ ನಮ್ಮ ಅಕ್ಕನ ಮಗನ ವಿಷಯದಲ್ಲಿ ನೋಡಿ, ಓದಿ, ಕಣ್ಣಿನ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳ್ತಿದ್ದೇನೆ.

ಕಣ್ಣೊಳಗೆ ಒಂದು ಮಸೂರ, ಅದರ ಸುತ್ತ ಉಂಗುರದಂಥ ಸಿಲಿಯರಿ ಸ್ನಾಯು ಇದೆ. ದೂರ ನೋಡುವಾಗ ಈ ಸ್ನಾಯು ಸಡಿಲವಾಗಿರುತ್ತೆ. ಹತ್ತಿರ ನೋಡುವಾಗ ಅದು ಬಿಗಿಯಾಗಿ, ಮಸೂರ ಉಬ್ಬಿ ಪವರ್ ಹೆಚ್ಚುತ್ತೆ. ಲೆಕ್ಕ ಸುಲಭ: 1ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. ಪುಸ್ತಕ 25 ಸೆಂಟಿಮೀಟರ್ ದೂರದಲ್ಲಿದ್ದರೆ ಕಣ್ಣು 4 ಡಯಾಪ್ಟರ್ ಕೆಲಸ ಮಾಡಬೇಕು.

ಗಂಟೆಗಟ್ಟಲೆ ಓದಿ ತಲೆ ಎತ್ತಿದಾಗ ದೂರದ್ದು ಸ್ವಲ್ಪ ಮಂಜಾಗಿ, ಕೆಲವು ಸೆಕೆಂಡಿನಲ್ಲೋ ನಿಮಿಷಗಳಲ್ಲೋ ಸರಿಹೋದರೆ ಗಾಬರಿ ಬೇಡ. ಆದರೆ ಕೆಲವರಲ್ಲಿ ಆ ಸ್ನಾಯು ಬಿಡೋದೇ ಇಲ್ಲ. ಕ್ಯಾಮೆರಾ ಫೋಕಸ್ ಹತ್ತಿರಕ್ಕೇ ಲಾಕ್ ಆದ ಹಾಗೆ. ಇದಕ್ಕೆ ಅಕಾಮಡೇಟಿವ್ ಸ್ಪಾಸಂ ಅಂತಾರೆ. ದೃಷ್ಟಿ ಒಮ್ಮೆ ಸರಿ, ಒಮ್ಮೆ ಮಂಜು. ಜೊತೆಗೆ ಹಣೆ ನೋವು, ಕಣ್ಣು ಎಳೆದಂತಾಗೋದು. ಹೊರಗಿನಿಂದ ನೋಡಿದರೆ ಥೇಟ್ ಸಮೀಪದೃಷ್ಟಿಯ ಹಾಗೇ.

ನಮ್ಮ ಹುಡುಗನಿಗೆ 17 ವರ್ಷ, ಜೆಇಇ ತಯಾರಿ. ಸ್ಟಾಪಿನಲ್ಲಿ ನಿಂತರೆ ಬಸ್ ನಂಬರ್ ಓದೋಕಾಗ್ತಿರಲಿಲ್ಲ. ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಎರಡೂ ಕಣ್ಣಿಗೆ –1.50 ಬಂತು. ಅಕ್ಕ ಫೋನ್ ಮಾಡಿ, “ಲೋ, ಒಂದು ಗಂಟೇಲಿ ಕನ್ನಡಕ ಕೊಡ್ತಾರಂತೆ, ಮಾಡಿಸ್ಲಾ?” ಅಂದಳು. “ತಡಿಯೇ, ಬೆಳಿಗ್ಗೆ ಇನ್ನೊಂದು ಸಲ ನೋಡಿಸು” ಅಂದೆ. ಮರುದಿನ ನಿದ್ದೆಯಿಂದೆದ್ದು, ಪುಸ್ತಕ ಮುಟ್ಟದೆ ಹೋದಾಗ ಅದೇ ಮೆಷಿನ್ –0.75 ತೋರಿಸಿತು.

ನಿಜವಾದ ಸಮೀಪದೃಷ್ಟಿ ಒಂದು ರಾತ್ರಿಯಲ್ಲಿ ಅರ್ಧಕ್ಕೆ ಇಳಿಯಲ್ಲ. ಬಿಗಿದ ಸ್ನಾಯುವಿನ ಪವರನ್ನೂ ಮೆಷಿನ್ ಸೇರಿಸಿಯೇ ಅಳೆಯುತ್ತೆ. ಹದಿಹರೆಯದವರಲ್ಲಿ ಈ ಸ್ನಾಯುವಿನ ಶಕ್ತಿ ಜಾಸ್ತಿ, ಹಾಗಾಗಿ ತಪ್ಪು ನಂಬರ್ ಬರೋ ಸಾಧ್ಯತೆಯೂ ಜಾಸ್ತಿ.

ಆ –1.50 ಕನ್ನಡಕ ಹಾಕಿಸಿದ್ದರೆ? ದೂರದ್ದು ಆ ಕ್ಷಣಕ್ಕೆ ಚೆನ್ನಾಗೇ ಕಾಣ್ತಿತ್ತು. ಆದರೆ ಕಣ್ಣಿನ ನಿಜವಾದ ನಂಬರ್ ಸೊನ್ನೆ ಆಗಿದ್ದರೆ, ಅದೇ ಪುಸ್ತಕ ಓದಲು ಈಗ 4 ಡಯಾಪ್ಟರ್ ಸಾಲದು, ಸುಮಾರು 5.5 ಬೇಕು. ಮೊದಲೇ ಬಿಗಿದ ಸ್ನಾಯುವಿಗೆ ಇನ್ನಷ್ಟು ಕೆಲಸ. ಸ್ವಲ್ಪ ದಿನಕ್ಕೆ ಮತ್ತೆ ಮಂಜು, ಮತ್ತೆ ನಂಬರ್ ಏರಿಕೆ.

ಇದನ್ನು ಬಿಡಿಸೋ ಪರೀಕ್ಷೆ ಒಂದೇ. ಸೈಕ್ಲೊಪೆಂಟೊಲೇಟಿನಂಥ ಡ್ರಾಪ್ಸ್ ಹಾಕಿ, ಸುಮಾರು ಮುಕ್ಕಾಲು ಗಂಟೆ ಕಾಯಿಸಿ, ಸ್ನಾಯು ಸಡಿಲವಾದ ಮೇಲೆ ಅಳೆಯೋದು. ಇದನ್ನು ಸೈಕ್ಲೊಪ್ಲೆಜಿಕ್ ರಿಫ್ರ್ಯಾಕ್ಷನ್ ಅಂತಾರೆ. ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್‌ಗೆ ಮೊದಲು –1.25 ಇದ್ದದ್ದು, ಆಮೇಲೆ +0.25 ಆಯ್ತು. ಅಂದರೆ ಮೈನಸ್ ಬೇಕಾಗೇ ಇರಲಿಲ್ಲ. ಡ್ರಾಪ್ಸ್ ಆದ ಮೇಲೂ –1.25 ಉಳಿದಿದ್ದರೆ ಅದು ನಿಜವಾದ ಸಮೀಪದೃಷ್ಟಿ, ಕನ್ನಡಕ ಹಾಕಲೇಬೇಕು. ಕೆಲವರಲ್ಲಿ ಅಡಗಿದ್ದ ದೊಡ್ಡ ಪ್ಲಸ್ ನಂಬರ್ ಹೊರಬರುತ್ತೆ. ಸ್ಪಾಸಂಗೆ ಅದೇ ಕಾರಣವಾಗಿರಬಹುದು.

ಡಾಕ್ಟರ್ ಇವನಿಗೆ ಓದಲು ಮಾತ್ರ +1.00 ಕೊಟ್ಟರು. ಪುಸ್ತಕ 40 ಸೆಂಟಿಮೀಟರ್ ದೂರ ಇಡು, 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡು, ಒಂದು ತಿಂಗಳಿಗೆ ಮತ್ತೆ ಬಾ ಅಂದರು. ಬಿಡುವಿನಲ್ಲಿ ಮೊಬೈಲ್ ನೋಡಿದರೆ ಸ್ನಾಯುವಿಗೆ ಅದು ಬಿಡುವಲ್ಲ, ನೆನಪಿರಲಿ.

ಈ ಡ್ರಾಪ್ಸ್ ಹಾಕಿದ ಮೇಲೆ ಸುಮಾರು ಒಂದು ದಿನ ಹತ್ತಿರದ ಅಕ್ಷರ ಮಂಜು, ಬಿಸಿಲು ಚುಚ್ಚುತ್ತೆ, ಗಾಡಿ ಓಡಿಸೋ ಹಾಗಿಲ್ಲ. ಡ್ರಾಪ್ಸ್ ಬೇರೆಯಾದರೆ ಪರಿಣಾಮ ಇನ್ನೂ ಹೆಚ್ಚು ದಿನ ಇರಬಹುದು. ಆದ್ದರಿಂದ ಪರೀಕ್ಷೆ ದಿನ ಯಾವಾಗ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಮೆಡಿಕಲ್ ಶಾಪಿನಿಂದ ತಂದು ನೀವೇ ಹಾಕಬೇಡಿ.

ಯಾವಾಗ ಹೋಗಬೇಕು? ಮನೆಯಲ್ಲೇ ಒಂದು ಕೆಲಸ ಮಾಡಿ. ಎದುರು ಕಟ್ಟಡದ ಒಂದೇ ಬೋರ್ಡನ್ನು, ಒಂದೇ ಜಾಗದಲ್ಲಿ ನಿಂತು, ಒಂದೊಂದೇ ಕಣ್ಣು ಮುಚ್ಚಿ ಬೆಳಿಗ್ಗೆ ಮತ್ತು ರಾತ್ರಿ ಮೂರು ದಿನ ಓದಿಸಿ. ಬೆಳಿಗ್ಗೆ ಸ್ಪಷ್ಟ, ರಾತ್ರಿ ಮಂಜು ಆಗಿದ್ದರೆ ಸ್ಪಾಸಂ ಅನುಮಾನ ಬಲವಾಗುತ್ತೆ. ಬೆಳಿಗ್ಗೆಯೂ ಮಂಜಿದ್ದರೆ, ಅಥವಾ ದಿನಾ ಹೀಗೇ ಆಗ್ತಿದ್ದರೆ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಡ್ರಾಪ್ಸ್ ಹಾಕಿ ನಂಬರ್ ನೋಡಲು ಕೇಳಿ.

ಒಂದೇ ಕಣ್ಣು ದಿಢೀರ್ ಮಂಜಾದರೆ, ಕಣ್ಣು ಕೆಂಪಾಗಿ ನೋವಾದರೆ, ಎರಡೆರಡು ಕಂಡರೆ, ಮಿಂಚು ಅಥವಾ ಪರದೆ ಎಳೆದಂತೆ ಕಂಡರೆ, ತಲೆನೋವಿನ ಜೊತೆ ವಾಂತಿ ಬಂದರೆ ಈ ಮೂರು ದಿನವೂ ಕಾಯಬೇಡಿ. ಅದು ಓದಿನ ಆಯಾಸ ಅಲ್ಲ, ಅವತ್ತೇ ತೋರಿಸಿ.