ಅಕ್ಕಿಗೆ 350, ಅನ್ನಕ್ಕೆ 125: ನಡುವಿನ ಕ್ಯಾಲರಿ ಎಲ್ಲಿ ಹೋಯ್ತು?

ಇವತ್ತಿನ ಮಾತು ಅಡುಗೆಮನೆಯ ತಕ್ಕಡಿಯ ಬಗ್ಗೆ.

ಪುಣೆಯಲ್ಲಿ ನಮ್ಮ ಆಫೀಸಿನ ಗೆಳೆಯರೊಬ್ಬರು ತೂಕ ಇಳಿಸೋಕೆ ಅಂತ ಮೊಬೈಲಲ್ಲಿ ಕ್ಯಾಲರಿ ಆ್ಯಪ್ ಹಾಕ್ಕೊಂಡ್ರು. ಮಧ್ಯಾಹ್ನ ಡಬ್ಬಿಯಲ್ಲಿದ್ದ ಅನ್ನವನ್ನು ತೂಗಿದ್ರು, 200 ಗ್ರಾಂ ಬಂತು. ಆ್ಯಪಲ್ಲಿ ರೈಸ್ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತಿದ್ರು. 700 ಕ್ಯಾಲರಿ ಅಂತ ತೋರಿಸಿತು. ಗಾಬರಿಯಾಗಿ ಅರ್ಧ ಅನ್ನ ತೆಗೆದಿಟ್ಟರು. ನಿಜಕ್ಕೂ ಆ ಡಬ್ಬಿಯಲ್ಲಿದ್ದದ್ದು ಸುಮಾರು 250 ಕ್ಯಾಲರಿ ಮಾತ್ರ. ಅದೇ ದಿನ ರಾತ್ರಿ ಬೇಯಿಸಿದ ಚಿಕನ್ 150 ಗ್ರಾಂ ತಿಂದು, 180 ಕ್ಯಾಲರಿ ಅಂತ ಬರೆದುಕೊಂಡ್ರು. ಅಲ್ಲಿ ನಿಜವಾಗಿ ಇದ್ದದ್ದು 250. ಒಂದು ಕಡೆ ಲೆಕ್ಕ ಮೇಲೆ ಹೋಗಿದೆ, ಇನ್ನೊಂದು ಕಡೆ ಕೆಳಗೆ. ಎರಡಕ್ಕೂ ಕಾರಣ ಒಂದೇ: ನೀರು.

ನಮ್ಮ ಕನ್ನಡದಲ್ಲಿ ಅಕ್ಕಿ ಬೇರೆ, ಅನ್ನ ಬೇರೆ. ಯಾರೂ "ಒಂದು ಬಟ್ಟಲು ಅಕ್ಕಿ ತಿಂದೆ" ಅನ್ನಲ್ಲ. ಮರಾಠಿಯಲ್ಲೂ ತಾಂದೂಳ್ ಬೇರೆ, ಭಾತ್ ಬೇರೆ. ತಮಿಳಿನಲ್ಲಿ ಅರಿಸಿ, ಸಾದಂ. ತೆಲುಗಿನಲ್ಲಿ ಬಿಯ್ಯಂ, ಅನ್ನಂ. ಆದರೆ ಇಂಗ್ಲಿಷಿನಲ್ಲಿ ಎರಡಕ್ಕೂ ರೈಸ್, ಹಿಂದಿಯಲ್ಲಿ ಎರಡಕ್ಕೂ ಚಾವಲ್. ಆ್ಯಪ್ ಇರೋದು ಇಂಗ್ಲಿಷಿನಲ್ಲಿ. ನಮ್ಮ ಭಾಷೆ ಬೇರೆ ಮಾಡಿ ಇಟ್ಟಿದ್ದನ್ನು ಅಲ್ಲಿ ನಾವೇ ಒಂದು ಮಾಡಿಬಿಡ್ತೀವಿ. ಚಿಕನ್ ವಿಷಯದಲ್ಲಿ ನಮ್ಮ ಭಾಷೆಯೂ ಸಹಾಯಕ್ಕೆ ಬರಲ್ಲ. ಹಸಿಯದ್ದೂ ಕೋಳಿಯೇ, ಬೆಂದದ್ದೂ ಕೋಳಿಯೇ.

ಈಗ ಮೂಲಕ್ಕೆ ಬರೋಣ. "100 ಗ್ರಾಂಗೆ ಇಷ್ಟು ಕ್ಯಾಲರಿ" ಅನ್ನೋದು ಒಂದು ಭಾಗಾಕಾರ. ಮೇಲೆ ಕ್ಯಾಲರಿ, ಕೆಳಗೆ ತೂಕ. ಕ್ಯಾಲರಿ ಬರೋದು ಪಿಷ್ಟ, ಪ್ರೋಟೀನ್, ಕೊಬ್ಬಿನಿಂದ. ನೀರಿಗೆ ತೂಕ ಇದೆ, ಕ್ಯಾಲರಿ ಸೊನ್ನೆ. ಬೇಯಿಸುವಾಗ ನೀರು ಒಳಗೆ ಹೋದರೂ, ಹೊರಗೆ ಬಂದರೂ ಬದಲಾಗೋದು ಕೆಳಗಿನ ತೂಕ ಮಾತ್ರ. ಮೇಲಿನದು ಹಾಗೇ ಇರುತ್ತೆ.

ಅಕ್ಕಿಯನ್ನೇ ತಗೊಳ್ಳಿ. ಮೂರು ಜನಕ್ಕೆ 250 ಗ್ರಾಂ ಬಿಳಿ ಅಕ್ಕಿ ಇಡ್ತೀರಿ ಅಂದ್ಕೊಳ್ಳಿ. 100 ಗ್ರಾಂಗೆ ಸುಮಾರು 350 ಅಂತ ಹಿಡಿದರೆ ಒಟ್ಟು 875 ಕ್ಯಾಲರಿ. ಒಣ ಅಕ್ಕಿಯಲ್ಲಿ ನೀರು ಇರೋದು 100ಕ್ಕೆ 12 ಗ್ರಾಂನಷ್ಟು. ಬಿಸಿ ಏರಿದ ಹಾಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಕುಕ್ಕರ್ ತೆಗೆದಾಗ ಅನ್ನ 700 ಗ್ರಾಂ ತೂಗಿತು ಅಂದರೆ, ಅದರಲ್ಲಿ ಹತ್ತಿರ ಹತ್ತಿರ 70 ಭಾಗ ನೀರೇ. 875 ಕ್ಯಾಲರಿ ಈಗ 700 ಗ್ರಾಂಗೆ ಹರಡಿಕೊಂಡಿದೆ. 100 ಗ್ರಾಂ ಅನ್ನಕ್ಕೆ 125. ಕ್ಯಾಲರಿ ಎಲ್ಲೂ ಹೋಗಿಲ್ಲ, ತೆಳುವಾಯ್ತು ಅಷ್ಟೆ.

ಈ 2.8 ಪಟ್ಟು ಅನ್ನೋದು ಎಲ್ಲರ ಮನೆಗೂ ಒಂದೇ ಅಲ್ಲ. ಉದುರುದುರು ಅನ್ನ ಮಾಡಿದರೆ ಎರಡೂವರೆ ಪಟ್ಟು ಆಗಬಹುದು, ಮೆತ್ತಗೆ ಮಾಡಿದರೆ ಮೂರು ಪಟ್ಟು ದಾಟುತ್ತೆ. ಹಳೇ ಅಕ್ಕಿ ಹೆಚ್ಚು ನೀರು ಕುಡಿಯುತ್ತೆ ಅಂತ ನಮ್ಮ ಅಮ್ಮಂದಿರಿಗೆ ಮೊದಲೇ ಗೊತ್ತು. ಹಾಗಾಗಿ ಆ್ಯಪಲ್ಲಿರೋ `cooked` ಅನ್ನೋ ಸಂಖ್ಯೆ ಕೂಡ ಯಾರದ್ದೋ ಅಡುಗೆಮನೆಯ ಅನ್ನದ್ದು. ಅನ್ನದ ಮಟ್ಟಿಗೆ ಆ ವ್ಯತ್ಯಾಸ ಸಣ್ಣದು, ನಡೆಯುತ್ತೆ.

ಬೇಳೆಯಲ್ಲಿ ಅದು ನಡೆಯಲ್ಲ. 150 ಗ್ರಾಂ ತೊಗರಿಬೇಳೆ ಅಂದರೆ ಸುಮಾರು 510 ಕ್ಯಾಲರಿ. ಒಗ್ಗರಣೆಗೆ 15 ಗ್ರಾಂ ತುಪ್ಪ, ಅದು 135. ಟೊಮೆಟೊ, ಕೊತ್ತಂಬರಿ ಸೊಪ್ಪು ಲೆಕ್ಕಕ್ಕೆ ಬರುವಷ್ಟಿಲ್ಲ, ಬಿಟ್ಟುಬಿಡೋಣ. ಒಟ್ಟು 645. ಇದನ್ನು ಗಟ್ಟಿ ತೊವ್ವೆ ಮಾಡಿ ಪಾತ್ರೆಯಲ್ಲಿ 600 ಗ್ರಾಂ ಬಂದರೆ, 200 ಗ್ರಾಂನ ಬಟ್ಟಲಿಗೆ 215 ಕ್ಯಾಲರಿ. ಅದೇ ಬೇಳೆಗೆ ನೀರು ಬೆರೆಸಿ ಒಂದೂವರೆ ಕಿಲೋ ಸಾರು ಮಾಡಿದರೆ, ಅದೇ ಬಟ್ಟಲಿಗೆ 86. ಎರಡನ್ನೂ ಆ್ಯಪ್ ದಾಲ್ ಅಂತಲೇ ಕರೆಯುತ್ತೆ. "ಬೇಯಿಸಿದ ದಾಲ್" ಅನ್ನೋದಕ್ಕೆ ಒಂದು ಸರಿಯಾದ ಸಂಖ್ಯೆ ಇರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಎಷ್ಟು ನೀರು ಅಂತ ತೀರ್ಮಾನ ಮಾಡೋದು ಸೌಟು ಹಿಡಿದವರು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೇಳೆ ತಳಕ್ಕೆ ಇಳಿಯುತ್ತೆ, ತುಪ್ಪ ಮೇಲೆ ತೇಲುತ್ತೆ. ಮೇಲಿನ ತಿಳಿ ಹಾಕಿಸಿಕೊಂಡವರಿಗೂ ಕೊನೆಗೆ ತಳದ ಗಟ್ಟಿ ಸಿಕ್ಕವರಿಗೂ ಒಂದೇ ತೂಕದಲ್ಲಿ ಬೇರೆ ಬೇರೆ ಊಟ. ತೂಗೋದಾದರೆ ಮೊದಲು ತಳದಿಂದ ಕೈಯಾಡಿಸಿ, ಆಮೇಲೆ ಬಡಿಸಿ.

ಚಿಕನ್ ಇದಕ್ಕೆ ಉಲ್ಟಾ. ಹಸಿ ಬ್ರೆಸ್ಟ್ ಪೀಸಿನಲ್ಲಿ ಮುಕ್ಕಾಲು ಭಾಗ ನೀರೇ. ಕಾಯಿಸಿದಾಗ ಮಾಂಸದ ಪ್ರೋಟೀನ್ ಎಳೆಗಳು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನು ಹೊರಗೆ ಹಿಂಡುತ್ತವೆ. ಬಾಣಲೆಯಲ್ಲಿ ನೀರು ಬಿಡುತ್ತಲ್ಲ, ಅದೇ ಇದು. ಚರ್ಮ, ಮೂಳೆ ಇಲ್ಲದ 500 ಗ್ರಾಂ ಹಸಿ ಬ್ರೆಸ್ಟ್ ಅಂದರೆ ಸುಮಾರು 600 ಕ್ಯಾಲರಿ. ಬೆಂದ ಮೇಲೆ 360 ಗ್ರಾಂ ಉಳಿದರೆ 100 ಗ್ರಾಂಗೆ 165ರ ಹತ್ತಿರ ಬರುತ್ತೆ. ಅಂದರೆ ಬೆಂದ ಚಿಕನ್ನನ್ನು ತೂಗಿ `raw` ಅಂತ ಬರೆದರೆ, ತಿಂದದ್ದಕ್ಕಿಂತ ಕಡಿಮೆ ಲೆಕ್ಕ ಸಿಗುತ್ತೆ. ಪ್ರೋಟೀನ್ ಕೂಡ ಹಾಗೇ. 150 ಗ್ರಾಂ ಬೆಂದದ್ದರಲ್ಲಿ ಸುಮಾರು 46 ಗ್ರಾಂ ಪ್ರೋಟೀನ್ ಇದ್ದರೆ, ಹಸಿ ಅಂತ ಬರೆದಾಗ 34 ತೋರಿಸುತ್ತೆ. "ಪ್ರೋಟೀನ್ ಸಾಲ್ತಿಲ್ಲ" ಅಂತ ಪುಡಿ ಡಬ್ಬ ಕೊಳ್ಳೋ ಮುಂಚೆ ಇದನ್ನೊಮ್ಮೆ ನೋಡಿ.

ಮೂಳೆ ಇರೋ ಕರಿ ಕಟ್ ಆದರೆ ತಿಂದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆ ತೂಗಿ ಕಳೆಯಬೇಕು. ಚರ್ಮ ಇದ್ದರೆ ಸುಡುವಾಗ ನೀರಿನ ಜೊತೆ ಸ್ವಲ್ಪ ಕೊಬ್ಬೂ ಕರಗಿ ಬೀಳುತ್ತೆ. ಆಗ ಮಾತ್ರ ಮೇಲಿನ ಸಂಖ್ಯೆಯೂ ನಿಜವಾಗಿ ಇಳಿಯುತ್ತೆ. ಸಾರು ಮಾಡಿದರೆ ಆ ಕೊಬ್ಬು ಸಾರಿನಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ. ಅನ್ನದಲ್ಲೂ ಹೀಗೊಂದು ಇದೆ: ಗಂಜಿ ಬಸಿದು ಚೆಲ್ಲಿದರೆ ಅದರ ಜೊತೆ ಸ್ವಲ್ಪ ಪಿಷ್ಟ ಹೋಗುತ್ತೆ.

ಹಾಗಾದರೆ ಮನೆಯಲ್ಲಿ ಮಾಡೋದು ಹೇಗೆ? ಹಸಿ ತೂಕದಿಂದ ಶುರು ಮಾಡಿ, ಬೆಂದ ತೂಕದಿಂದ ಹಂಚಿ. ಮೊದಲು ಖಾಲಿ ಕುಕ್ಕರ್, ಖಾಲಿ ಬಾಣಲೆ ತೂಗಿ ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಇದು ಒಂದೇ ಸಲದ ಕೆಲಸ. ಬೇಯಿಸೋ ಮುಂಚೆ ಅಕ್ಕಿ, ಬೇಳೆ, ಎಣ್ಣೆ ತೂಗಿ ಒಟ್ಟು ಕ್ಯಾಲರಿ ಬರೆದಿಡಿ. ಅಕ್ಕಿ, ಬೇಳೆಯನ್ನು ತೊಳೆಯೋ ಮುಂಚೆಯೇ ತೂಗಬೇಕು, ತೊಳೆದ ಮೇಲೆ ಆಗಲೇ ನೀರು ಸೇರಿರುತ್ತೆ. ಚಿಕನ್ ಆದರೆ ತೊಳೆದ ನೀರು ಚೆನ್ನಾಗಿ ಬಸಿದ ಮೇಲೆ ತೂಗಿ. ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ, ಚೀಟಿಯಲ್ಲಿರೋ ತೂಕ ಕಳೆಯಿರಿ. ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿ ಮೇಲೆ ಇಡಬೇಡಿ, ಮರದ ಹಲಗೆ ಇಟ್ಟು ಸೊನ್ನೆ ಮಾಡಿಕೊಂಡು ಇಡಿ. ಆಮೇಲೆ ಲೆಕ್ಕ ಇಷ್ಟೇ:

```
ನನ್ನ ಕ್ಯಾಲರಿ = ಒಟ್ಟು ಕ್ಯಾಲರಿ × ನನ್ನ ಪಾಲು ÷ ಬೆಂದ ಒಟ್ಟು ತೂಕ
250 = 875 × 200 ÷ 700
```

ನಿಮ್ಮ ಮನೆಯಲ್ಲಿ ಅದೇ ಅಕ್ಕಿ, ಅದೇ ಅಳತೆಯ ನೀರು ಇದ್ದರೆ ಅನ್ನವನ್ನು ಮೂರ್ನಾಲ್ಕು ಸಲ ತೂಗಿದರೆ ಸಾಕು. ನಿಮ್ಮ ಮನೆಯ ಪಟ್ಟು ಗೊತ್ತಾಗುತ್ತೆ, ಆಮೇಲೆ ಅದನ್ನೇ ಬಳಸಿ. ಸಾರು, ಹುಳಿಗೆ ಮಾತ್ರ ಪ್ರತಿ ಸಲ ಪಾತ್ರೆ ತೂಗಲೇಬೇಕು. ಫ್ರಿಜ್ಜಿನಲ್ಲಿ ತೆರೆದಿಟ್ಟ ಅನ್ನ ಒಣಗಿ ತೂಕ ಕಳೆದುಕೊಳ್ಳುತ್ತೆ. ಹಾಗಾಗಿ ಮಾರನೇ ದಿನದ ಪಾಲನ್ನು ಮೊದಲ ದಿನವೇ ತೂಗಿ ಡಬ್ಬಿಗೆ ಹಾಕಿ ಮುಚ್ಚಿಡಿ.

ಪೀಜಿಯಲ್ಲಿ, ಮೆಸ್ಸಿನಲ್ಲಿ ಊಟ ಮಾಡೋರಿಗೆ ಹಸಿ ತೂಕ ಗೊತ್ತಾಗಲ್ಲ. ಅವರು `cooked` ಅನ್ನೋದನ್ನೇ ಆರಿಸಬೇಕು. ಹೆಸರಿನ ಪಕ್ಕ ಏನೂ ಬರೆದಿಲ್ಲದಿದ್ದರೆ ಸಂಖ್ಯೆ ನೋಡಿ ಕಂಡುಹಿಡಿಯಬಹುದು. ರೈಸ್ 100 ಗ್ರಾಂಗೆ 350ರ ಆಸುಪಾಸು ಇದ್ದರೆ ಅದು ಅಕ್ಕಿ, 130ರ ಆಸುಪಾಸು ಇದ್ದರೆ ಅನ್ನ. ಬೇಳೆ 330ರ ಮೇಲಿದ್ದರೆ ಒಣಬೇಳೆ. ಚರ್ಮವಿಲ್ಲದ ಬ್ರೆಸ್ಟ್ 120 ಇದ್ದರೆ ಹಸಿ, 165 ಇದ್ದರೆ ಬೆಂದದ್ದು. ಅಕ್ಕಿ, ಬೇಳೆ ಪ್ಯಾಕೆಟ್ ಹಿಂದೆ ಅಚ್ಚಾಗಿರೋದು ಸಾಮಾನ್ಯವಾಗಿ ಒಣ ಸರಕಿನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರ ಕೋಷ್ಟಕದಲ್ಲೂ ಅಕ್ಕಿ, ಬೇಳೆಗೆ ಕೊಟ್ಟಿರೋದು ಹಸಿ ಪದಾರ್ಥದ ಲೆಕ್ಕವೇ. ಅದರಿಂದ ಸಂಖ್ಯೆ ತೆಗೆದು ಅನ್ನಕ್ಕೆ ಗುಣಿಸಬೇಡಿ.

ತೂಕ ಇಳಿಸೋರಿಗೆ ಇದು ಕೆಲವು ವಾರದ ಗೊಂದಲ ಇರಬಹುದು. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದು, ಊಟದ ಕಾರ್ಬೋಹೈಡ್ರೇಟ್ ಲೆಕ್ಕ ಹಾಕಿ ಇನ್ಸುಲಿನ್ ತಗೊಳ್ತಾ ಇದ್ದರೆ ಇದು ಹಗುರದ ಮಾತಲ್ಲ. 200 ಗ್ರಾಂ ಅನ್ನದಲ್ಲಿ ಸುಮಾರು 56 ಗ್ರಾಂ ಕಾರ್ಬ್ ಇರುತ್ತೆ. ಅದನ್ನೇ ಅಕ್ಕಿ ಅಂತ ನಮೂದಿಸಿದರೆ ಸುಮಾರು 156 ಗ್ರಾಂ ಅಂತ ತೋರಿಸುತ್ತೆ. ಆ ಸಂಖ್ಯೆ ನಂಬಿ ಇನ್ಸುಲಿನ್ ತಗೊಂಡರೆ ಬೇಕಾದ್ದರ ಮೂರು ಪಟ್ಟಿನಷ್ಟು ಹೋಗುತ್ತೆ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗಾಗಿ ಊರಿನಲ್ಲಿರೋ ಅಪ್ಪನಿಗೋ ಅತ್ತೆಗೋ ಡಯಟ್ ಚಾರ್ಟ್ ಕೊಟ್ಟಿದ್ದರೆ, ಅದರಲ್ಲಿ "ರೈಸ್ 60 ಗ್ರಾಂ" ಅಂತಿದ್ದರೆ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳೋಕೆ ಹೇಳಿ: "ಡಾಕ್ಟ್ರೇ, ಇದು ಅಕ್ಕಿಯ ತೂಕಾನೋ, ಅನ್ನದ ತೂಕಾನೋ?" 60 ಗ್ರಾಂ ಅಕ್ಕಿ ಬೆಂದರೆ ಸುಮಾರು 170 ಗ್ರಾಂ ಅನ್ನ, ಒಂದು ಊಟಕ್ಕೆ ಆಗುತ್ತೆ. 60 ಗ್ರಾಂ ಅನ್ನ ಅಂದರೆ ನಾಲ್ಕು ತುತ್ತು.

ಇಷ್ಟು ಇವತ್ತಿಗೆ. ಮುಂದಿನ ಮಾತಿನಲ್ಲಿ ಸಿಗೋಣ.