ಏಪ್ರಿಲ್‌ನಲ್ಲಿ ಕೊಟ್ಟ ಫಾರಂ ನವೆಂಬರ್‌ಗೆ ಸಾಲದು

ಕಂಪನಿಯ ನಿರ್ದೇಶಕರೊಬ್ಬರಿಗೆ ಬೇರೆ ವ್ಯಾಪಾರವೂ ಇರಬಹುದು. ಕಾನೂನು ಅದನ್ನು ತಪ್ಪು ಎನ್ನುವುದಿಲ್ಲ. ಆ ವ್ಯಾಪಾರದ ಜೊತೆ ಕಂಪನಿ ಒಪ್ಪಂದ ಮಾಡಿಕೊಳ್ಳುವ ಹೊತ್ತಿನಲ್ಲಿ ಅವರು ಬಾಯಿಬಿಟ್ಟು ಹೇಳಿದರೇ, ಆ ಮಾತುಕತೆಯಿಂದ ದೂರ ಉಳಿದರೇ ಎಂಬುದನ್ನಷ್ಟೇ ಅದು ಕೇಳುತ್ತದೆ. ಎಷ್ಟೋ ನಿರ್ದೇಶಕರು ಎಡವುವುದು ಇಲ್ಲೇ. ‘ವರ್ಷದ ಆರಂಭದಲ್ಲೇ ಎಲ್ಲ ಬರೆದುಕೊಟ್ಟಿದ್ದೇನಲ್ಲ’ ಎಂದುಕೊಂಡು ಅವರು ನಿಶ್ಚಿಂತೆಯಿಂದ ಕುರ್ಚಿಯಲ್ಲೇ ಕೂತಿರುತ್ತಾರೆ.

ಬರೆದುಕೊಡುವ ಆ ಫಾರಂನ ಹೆಸರು ಎಂಬಿಪಿ-1. 2013ರ ಕಂಪನಿ ಕಾಯ್ದೆಯ 184ನೇ ಕಲಂ ಪ್ರಕಾರ, ನಿರ್ದೇಶಕರಾದವರು ತಾವು ಭಾಗವಹಿಸುವ ಮೊದಲ ಸಭೆಯಲ್ಲಿ ಇದನ್ನು ಕೊಡಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷದ ಮೊದಲ ಮಂಡಳಿ ಸಭೆಯಲ್ಲೂ ಕೊಡಬೇಕು. ಯಾವ ಕಂಪನಿಯಲ್ಲಿ ಎಷ್ಟು ಷೇರು, ಯಾವ ಸಂಸ್ಥೆಯಲ್ಲಿ ಪಾಲುದಾರಿಕೆ ಎಂಬುದೆಲ್ಲ ಅದರಲ್ಲಿರುತ್ತದೆ. ನಡುವೆ ಏನಾದರೂ ಬದಲಾದರೆ, ಬದಲಾವಣೆಯ ನಂತರದ ಮೊದಲ ಸಭೆಯಲ್ಲೇ ತಿಳಿಸಬೇಕು.

ಹಳೆಯ 1956ರ ಕಾಯ್ದೆಯಲ್ಲಿ ಇಂಥ ಸಾಮಾನ್ಯ ಸೂಚನೆಗೆ ಹೆಚ್ಚಿನ ಬಲವಿತ್ತು. ‘ಇಂಥ ಸಂಸ್ಥೆಯಲ್ಲಿ ನನಗೆ ಹಿತಾಸಕ್ತಿಯಿದೆ’ ಎಂದು ಒಮ್ಮೆ ಬರೆದುಕೊಟ್ಟರೆ, ಆ ವರ್ಷ ಆ ಸಂಸ್ಥೆಯ ಜೊತೆ ನಡೆಯುವ ಒಪ್ಪಂದಗಳಿಗೆಲ್ಲ ಅದೇ ಸಾಕಾಗುತ್ತಿತ್ತು. ಈಗಿನ ಕಾಯ್ದೆ ಹಾಗಿಲ್ಲ. ಒಪ್ಪಂದದ ಚರ್ಚೆ ನಡೆಯುವ ಸಭೆಯಲ್ಲೇ ಮತ್ತೆ ಹೇಳಬೇಕು. ಈ ವ್ಯತ್ಯಾಸ ಇನ್ನೂ ಹಲವರ ತಲೆಗೆ ಇಳಿದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಒಂದು ಪಬ್ಲಿಕ್ ಲಿಮಿಟೆಡ್ ಕಂಪನಿ, ಅದಕ್ಕೆ ಆರು ಜನ ನಿರ್ದೇಶಕರು. ಅವರಲ್ಲೊಬ್ಬರು ಆಗಸ್ಟ್‌ನಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಂಸ್ಥೆಯೊಂದಕ್ಕೆ ಪಾಲುದಾರರಾಗುತ್ತಾರೆ. ಏಪ್ರಿಲ್‌ನ ಫಾರಂನಲ್ಲಿ ಈ ಸಂಸ್ಥೆಯ ಹೆಸರೇ ಇಲ್ಲ, ಹಾಗಾಗಿ ಸೆಪ್ಟೆಂಬರ್ ಸಭೆಯಲ್ಲಿ ಹೊಸ ಎಂಬಿಪಿ-1 ಕೊಡಬೇಕು. ನವೆಂಬರ್ ಸಭೆಯ ಅಜೆಂಡಾದಲ್ಲಿ ಅದೇ ಸಂಸ್ಥೆಯಿಂದ 80 ಲಕ್ಷ ರೂಪಾಯಿಯ ಪೆಟ್ಟಿಗೆ ಕೊಳ್ಳುವ ವಿಷಯ ಬರುತ್ತದೆ. ಆ ವಿಷಯ ಎತ್ತಿಕೊಂಡ ಕೂಡಲೇ ಅವರು, ‘ಇದರಲ್ಲಿ ನಾನು ಪಾಲುದಾರ’ ಎಂದು ಹೇಳಿ ಹೊರಗೆ ಹೋಗಬೇಕು. ವಿಡಿಯೊ ಮೂಲಕ ಸಭೆಗೆ ಬಂದಿದ್ದರೆ ಸಂಪರ್ಕ ಕಡಿದುಕೊಳ್ಳಬೇಕು. ಮತ ಹಾಕದೆ ಸುಮ್ಮನೆ ಕೂತರೆ ಸಾಲದು. ಎದುರಿಗೆ ಅವರೇ ಕೂತಿರುವಾಗ ‘ದರ ಜಾಸ್ತಿಯಾಯಿತಲ್ಲವೇ’ ಎಂದು ಕೇಳಲು ಸಹನಿರ್ದೇಶಕರು ಹಿಂಜರಿಯುತ್ತಾರೆ. ಕೈ ಎತ್ತುವುದಕ್ಕಿಂತ ಆ ಹಾಜರಿಯ ಒತ್ತಡವೇ ದೊಡ್ಡದು.

ಅವರು ಎದ್ದುಹೋದ ಮೇಲೆ ಕೋರಂ ಮತ್ತೆ ಎಣಿಸಬೇಕು. ಆರರಲ್ಲಿ ಮೂರನೇ ಒಂದು ಭಾಗ, ಅಂದರೆ ಇಬ್ಬರು ಬೇಕು. ಅಂದಿನ ಸಭೆಗೆ ನಾಲ್ವರು ಬಂದಿದ್ದರೆ ಮೂವರು ಉಳಿಯುತ್ತಾರೆ, ತೊಂದರೆಯಿಲ್ಲ. ಆದರೆ ಆರರಲ್ಲಿ ನಾಲ್ವರಿಗೆ ಆ ಸಂಸ್ಥೆಯಲ್ಲಿ ಪಾಲಿದ್ದರೆ? ಆಗ ಸಂಬಂಧವಿಲ್ಲದ ಇಬ್ಬರೂ ಹಾಜರಿರಲೇಬೇಕು. ಒಬ್ಬರು ಊರಲ್ಲಿಲ್ಲದಿದ್ದರೂ ವಿಷಯ ಮುಂದೂಡುವುದೊಂದೇ ದಾರಿ.

ಪಾಲುದಾರಿಕೆ ಸಂಸ್ಥೆಯಾದರೆ ಪಾಲು ಎಷ್ಟೇ ಚಿಕ್ಕದಿದ್ದರೂ ಈ ನಿಯಮ ತಪ್ಪದು. ಎದುರಿಗಿರುವುದು ಕಂಪನಿಯಾದರೆ, ನಿರ್ದೇಶಕರು ಒಬ್ಬರೇ ಅಥವಾ ಇತರ ನಿರ್ದೇಶಕರೊಂದಿಗೆ ಸೇರಿ ಅದರಲ್ಲಿ ಶೇ 2ಕ್ಕಿಂತ ಹೆಚ್ಚು ಷೇರು ಹೊಂದಿದ್ದರೆ, ಇಲ್ಲವೇ ಅದರ ಪ್ರವರ್ತಕರೋ ಮುಖ್ಯ ಕಾರ್ಯನಿರ್ವಾಹಕರೋ ಆಗಿದ್ದರೆ ಅನ್ವಯಿಸುತ್ತದೆ.

‘ಮಾರುಕಟ್ಟೆ ದರಕ್ಕೇ ಕೊಟ್ಟಿದ್ದೇನೆ, ಕಂಪನಿಗೆ ನಷ್ಟವೇನಾಯಿತು?’ ಎಂಬ ವಾದ ಮೇಲಿಂದ ಮೇಲೆ ಕೇಳಿಬರುತ್ತದೆ. ಇದಕ್ಕೆ ಉತ್ತರ 1854ರಲ್ಲೇ ಸಿಕ್ಕಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ರೈಲ್ವೆ ಕಂಪನಿ, ಹಳಿಗಳನ್ನು ಕೂರಿಸುವ ಕಬ್ಬಿಣದ ಕುರ್ಚಿಗಳನ್ನು ಬ್ಲೇಕಿ ಬ್ರದರ್ಸ್ ಎಂಬ ಸಂಸ್ಥೆಯಿಂದ ಕೊಳ್ಳಲು ಒಪ್ಪಿತ್ತು. ರೈಲ್ವೆಯ ನಿರ್ದೇಶಕರಲ್ಲೊಬ್ಬರು ಆ ಸಂಸ್ಥೆಯ ಪಾಲುದಾರರೂ ಆಗಿದ್ದರು. ರೈಲ್ವೆ ಉಳಿದ ಮಾಲು ಬೇಡವೆಂದಾಗ ಸಂಸ್ಥೆ ಕೋರ್ಟಿಗೆ ಹೋಯಿತು. ಆ ಒಪ್ಪಂದಕ್ಕೆ ರೈಲ್ವೆ ಬದ್ಧವಲ್ಲ, ದರ ನ್ಯಾಯವಾಗಿತ್ತೇ ಎಂಬ ಪ್ರಶ್ನೆಯನ್ನೇ ಎತ್ತಬೇಕಿಲ್ಲ ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಒಂದೇ ಮನುಷ್ಯ ಹೆಚ್ಚು ಬೆಲೆಗೆ ಮಾರಲೂ ಕಡಿಮೆ ಬೆಲೆಗೆ ಕೊಳ್ಳಲೂ ಒಟ್ಟಿಗೆ ಪ್ರಯತ್ನಿಸಲಾರ. ನಮ್ಮ 184ನೇ ಕಲಮಿನ ಹಿಂದಿರುವುದೂ ಇದೇ ತರ್ಕ. ಹೇಳದೆ ಮಾಡಿದ ಒಪ್ಪಂದವನ್ನು ಕಂಪನಿ ಬೇಕೆಂದರೆ ರದ್ದು ಮಾಡಬಹುದು. ನಿರ್ದೇಶಕರಿಗೆ ಒಂದು ಲಕ್ಷ ರೂಪಾಯಿ ದಂಡ. ಅದಕ್ಕಿಂತ ಕಠಿಣವಾದದ್ದು 167ನೇ ಕಲಂ. ಅದರ ಪ್ರಕಾರ ಅವರ ಸ್ಥಾನವೇ ತೆರವಾಗುತ್ತದೆ.

ಪ್ರೈವೇಟ್ ಕಂಪನಿಗಳಿಗೆ 2015ರಿಂದ ವಿನಾಯಿತಿಯಿದೆ. ಹಿತಾಸಕ್ತಿ ತಿಳಿಸಿದ ಮೇಲೆ ಅಲ್ಲಿನ ನಿರ್ದೇಶಕರು ಚರ್ಚೆಯಲ್ಲಿ ಭಾಗವಹಿಸಬಹುದು. ಅಣ್ಣತಮ್ಮಂದಿರಿಬ್ಬರೇ ನಿರ್ದೇಶಕರಾಗಿರುವ ಕಡೆ ಇದಿಲ್ಲದಿದ್ದರೆ ಕೆಲಸವೇ ನಡೆಯದು. ಆದರೆ ವಿನಾಯಿತಿ ಇರುವುದು ಕೂರುವುದಕ್ಕೆ ಮಾತ್ರ, ಹೇಳದೆ ಇರುವುದಕ್ಕಲ್ಲ.

ತಪ್ಪು ನಡೆದಿದ್ದರೆ ಅದು ಸಿಕ್ಕಿಬೀಳುವುದು ನಡಾವಳಿ ಪುಸ್ತಕದಲ್ಲಿ. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಬರೆದಿದ್ದು, ಹಾಜರಿಯಲ್ಲಿ ಆ ನಿರ್ದೇಶಕರ ಹೆಸರೂ ಇದ್ದು, ಅವರು ಹೊರಗೆ ಹೋದ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆಡಿಟರ್ ಅಲ್ಲೇ ನಿಲ್ಲುತ್ತಾರೆ. ಎಂಬಿಪಿ-1 ಫಾರಂಗಳನ್ನು ಎಂಟು ವರ್ಷ ಕಾದಿಡಬೇಕೆಂಬ ನಿಯಮವಿರುವುದರಿಂದ, ನವೆಂಬರ್ ಸಭೆಯ ನಡಾವಳಿಯನ್ನು ಏಪ್ರಿಲ್ ಮತ್ತು ಸೆಪ್ಟೆಂಬರ್‌ನ ಫಾರಂಗಳ ಪಕ್ಕದಲ್ಲಿಟ್ಟು ಓದಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.