ವರ್ಗಮೂಲದ ಸ್ಪರ್ಶರೇಖಾ ಕ್ರಮ: ಮೂಲೆಯ ಚೌಕದಲ್ಲಿ ಉಳಿಯುವ ದೋಷ

ಹಿಂದೂಪುರ, ಕಲ್ಯಾಣದುರ್ಗ ಪ್ರದೇಶದಲ್ಲಿ ಜಮೀನಿನ ಲೆಕ್ಕ ಎಕರೆ ಮತ್ತು ಸೆಂಟುಗಳಲ್ಲಿ ನಡೆಯುತ್ತದೆ. ಒಂದು ಎಕರೆಗೆ 100 ಸೆಂಟು. ಗಡಿಯಾಚೆಯ ಪಾವಗಡ, ಗೌರಿಬಿದನೂರುಗಳಲ್ಲಿ ಅದೇ ಎಕರೆ 40 ಗುಂಟೆ. ಭಾಗಗಳು ಬೇರೆಯಾದರೂ ಎಕರೆ ಎರಡೂ ಕಡೆ ಒಂದೇ: 4840 ಚದರ ಗಜ. ಒಂದು ಗುಂಟೆ 121 ಚದರ ಗಜವಾದುದರಿಂದ ಚೌಕಾಕಾರದ ಗುಂಟೆಯ ಬಾಹು ಸರಿಯಾಗಿ 11 ಗಜ. ಆದರೆ ಚೌಕಾಕಾರದ ಒಂದು ಎಕರೆಯ ಬಾಹು √4840 ಗಜ. ಅದು ಅಭಾಗಲಬ್ಧ ಸಂಖ್ಯೆ. ಅದನ್ನು ಅಂದಾಜಿನಿಂದಲೇ ಪಡೆಯಬೇಕು. ಅಂದಾಜು ಮಾಡಿದ ಮೇಲೆ ಅದು ಎಷ್ಟು ತಪ್ಪಿದೆ ಎಂಬುದನ್ನೂ ಹೇಳಲು ಬರಬೇಕು.

ತರಗತಿಯಲ್ಲಿ ಕಲಿಸುವ ಭಾಗಾಕಾರ ಕ್ರಮವು ಪ್ರತಿ ಹಂತದಲ್ಲಿ ಒಂದೊಂದು ಅಂಕಿಯನ್ನು ಕೊಡುತ್ತದೆ. ಸ್ಪರ್ಶರೇಖಾ ಕ್ರಮದಲ್ಲಿ ಸರಿಯಾದ ಅಂಕಿಗಳ ಸಂಖ್ಯೆ ಪ್ರತಿ ಹಂತದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದನ್ನು ವರ್ಗಾತ್ಮಕ ಅಭಿಸರಣ ಎನ್ನುತ್ತಾರೆ. ಇದರ ಕಾರಣವನ್ನು ಕಲನಶಾಸ್ತ್ರದ ನೆರವಿಲ್ಲದೆ, ಹೊಲದ ಒಂದು ಚಿತ್ರದಿಂದಲೇ ವಿವರಿಸಬಹುದು.

ಕ್ರಮ

y = x² − a ಎಂಬ ವಕ್ರರೇಖೆಯು x ಅಕ್ಷವನ್ನು √a ಯಲ್ಲಿ ಛೇದಿಸುತ್ತದೆ. ಒಂದು ಅಂದಾಜು xₙ ಕೈಯಲ್ಲಿದ್ದರೆ, ಅಲ್ಲಿ ವಕ್ರರೇಖೆಗೆ ಸ್ಪರ್ಶರೇಖೆಯನ್ನು ಎಳೆದು, ಅದು ಅಕ್ಷವನ್ನು ಮುಟ್ಟುವ ಬಿಂದುವನ್ನು ಮುಂದಿನ ಅಂದಾಜಾಗಿ ತೆಗೆದುಕೊಳ್ಳಲಾಗುತ್ತದೆ. ಸ್ಪರ್ಶರೇಖೆಯ ಇಳಿಜಾರು 2xₙ. ಆದ್ದರಿಂದ ಮಾಡಬೇಕಾದ ತಿದ್ದುಪಡಿ

dₙ = (xₙ² − a) / 2xₙ

ಮತ್ತು ಹೊಸ ಅಂದಾಜು xₙ₊₁ = xₙ − dₙ. ಇದನ್ನು ಸರಳಗೊಳಿಸಿದರೆ xₙ ಮತ್ತು a/xₙ ಗಳ ಸರಾಸರಿಯೇ ದೊರೆಯುತ್ತದೆ.

ಹೊಲದ ಚಿತ್ರ

ಎಕರೆಯ ಬಾಹುವಿಗೆ ಮೊದಲ ಅಂದಾಜು 70 ಗಜ ಎಂದಿರಲಿ. 70 ಗಜ ಬಾಹುವಿನ ಚೌಕದ ವಿಸ್ತೀರ್ಣ 4900 ಚದರ ಗಜ. ಬೇಕಾದುದಕ್ಕಿಂತ 60 ಹೆಚ್ಚು. ಈ ಹೆಚ್ಚುವರಿಯನ್ನು ತೆಗೆಯಲು ಪೂರ್ವದ ಅಂಚಿನಿಂದ ಒಂದು, ಉತ್ತರದ ಅಂಚಿನಿಂದ ಒಂದು, ಹೀಗೆ d ಅಗಲದ ಎರಡು ಪಟ್ಟಿಗಳನ್ನು ಕತ್ತರಿಸಬೇಕು. ಪ್ರತಿ ಪಟ್ಟಿಯ ಉದ್ದ 70 ಗಜ ಎಂದು ಎಣಿಸಿದರೆ 2 × 70 × d = 60, ಅಂದರೆ d = 3/7 ಗಜ.

ಈ ಎಣಿಕೆಯಲ್ಲಿ ಒಂದು ಸಣ್ಣ ತಪ್ಪಿದೆ. ಎರಡು ಪಟ್ಟಿಗಳು ಈಶಾನ್ಯದ ಮೂಲೆಯಲ್ಲಿ ಒಂದರ ಮೇಲೊಂದು ಬರುತ್ತವೆ. ಆ ಮೂಲೆಯ ಪುಟ್ಟ ಚೌಕವು ಲೆಕ್ಕದಲ್ಲಿ ಎರಡು ಸಲ ಕಳೆದುಹೋಗಿದೆ. ನೆಲದ ಮೇಲೆ ಇರುವುದು ಒಂದೇ ಸಲ. ಹಾಗಾಗಿ ಉಳಿದ ಹೊಲದ ವಿಸ್ತೀರ್ಣ 4840 ಅಲ್ಲ; 4840 + (3/7)², ಅಂದರೆ 4840 + 9/49 ಚದರ ಗಜ. ಹೊಸ ಬಾಹು 70 − 3/7 = 487/7. ಇದರ ವರ್ಗ 237169/49. 4840 ಎಂದರೆ 237160/49 ಆಗಿರುವುದರಿಂದ ಹೆಚ್ಚುವರಿ 9/49 ಎಂಬುದನ್ನು ವಿದ್ಯಾರ್ಥಿಗಳೇ ತಾಳೆ ನೋಡಬಹುದು.

ಸಾಮಾನ್ಯವಾಗಿ ಹೇಳುವುದಾದರೆ, xₙ₊₁² − a = dₙ². ಇದು ಅಂದಾಜಲ್ಲ, ನಿಖರವಾದ ಸಮೀಕರಣ. ಒಂದು ಹಂತದ ತರುವಾಯ ವಿಸ್ತೀರ್ಣದಲ್ಲಿ ಉಳಿಯುವ ಹೆಚ್ಚುವರಿಯು ಆ ಹಂತದ ತಿದ್ದುಪಡಿಯ ವರ್ಗವೇ ಆಗಿದೆ. ತಿದ್ದುಪಡಿ ನೂರರಲ್ಲಿ ಒಂದು ಭಾಗವಾಗಿದ್ದರೆ ಹೆಚ್ಚುವರಿ ಹತ್ತು ಸಾವಿರದಲ್ಲಿ ಒಂದು. ವರ್ಗಾತ್ಮಕ ಅಭಿಸರಣದ ಮೂಲ ಇದೇ ಮೂಲೆಯ ಚೌಕ.

ದೋಷದ ಅಂದಾಜು

ವಿಸ್ತೀರ್ಣದ ಹೆಚ್ಚುವರಿಯಿಂದ ಬಾಹುವಿನ ದೋಷಕ್ಕೆ ಬರುವುದು ಸುಲಭ. xₙ₊₁² − a ಯನ್ನು ಅಪವರ್ತಿಸಿದರೆ (xₙ₊₁ − √a)(xₙ₊₁ + √a) ಆಗುತ್ತದೆ. ಆದ್ದರಿಂದ ದೋಷ

eₙ₊₁ = xₙ₊₁ − √a = dₙ² / (xₙ₊₁ + √a)

ಛೇದದಲ್ಲಿರುವ √a ಗೊತ್ತಿಲ್ಲದ ಸಂಖ್ಯೆ. ಆದರೆ ಅದು 69 ಕ್ಕಿಂತ ಹೆಚ್ಚೆಂಬುದು ಖಚಿತ, ಏಕೆಂದರೆ 69² = 4761. xₙ₊₁ ಕೂಡ 69 ಕ್ಕಿಂತ ಹೆಚ್ಚು. ಛೇದದಲ್ಲಿ 2 × 69 = 138 ಇಟ್ಟರೆ ದೋಷವು ಮೀರಲಾರದ ಮಿತಿ ದೊರೆಯುತ್ತದೆ: 0.18367 ÷ 138, ಅಂದರೆ ಸುಮಾರು 0.00133 ಗಜ. ನಿಜವಾದ ದೋಷ 0.00132 ಗಜ, ಸುಮಾರು 1.2 ಮಿಲಿಮೀಟರ್. ಅಳತೆ ಟೇಪು ಹಿಡಿದು ಹೊಲದ ಬದಿಯನ್ನು ಅಳೆಯುವವರಿಗೆ ಒಂದೇ ಹಂತ ಸಾಕೆಂದು ಈ ಮಿತಿಯೇ ತಿಳಿಸುತ್ತದೆ.

ಎರಡನೆಯ ಹಂತದಲ್ಲಿ ತಿದ್ದುಪಡಿ 9/6818, ಅಂದರೆ 0.001320035. ಹೊಸ ಅಂದಾಜು 69.570108536. ಇದರ ದೋಷ 0.001320035² ÷ 138 ನ್ನು ಮೀರದು. ಅದು ಸುಮಾರು 0.000000013. √4840 ರ ಬೆಲೆ 69.5701085237… ಎಂಬುದರೊಡನೆ ಹೋಲಿಸಿದರೆ ಈ ಮಿತಿ ಎಷ್ಟು ಬಿಗಿಯಾದುದೆಂದು ಕಾಣುತ್ತದೆ.

ಒಂದು ಹಂತದ ದೋಷದಿಂದ ಮುಂದಿನದಕ್ಕೆ ನೇರ ಸಂಬಂಧವೂ ಇದೆ: eₙ₊₁ = eₙ² / 2xₙ. ದೋಷವನ್ನು √a ಯಿಂದ ಭಾಗಿಸಿ ಸಾಪೇಕ್ಷ ದೋಷವಾಗಿ ನೋಡಿದರೆ, ಪ್ರತಿ ಹಂತದಲ್ಲಿ ಅದು ತನ್ನ ವರ್ಗದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು 0.0062, ಅನಂತರ 0.000019, ಅನಂತರ 0.00000000018.

ಎಲ್ಲಿ ನಿಧಾನ, ಎಲ್ಲಿ ತಪ್ಪು

ಮೊದಲ ಅಂದಾಜು ದೂರವಿದ್ದರೆ ಈ ವೇಗ ಕಾಣುವುದಿಲ್ಲ. 4840 ಕ್ಕೆ 1 ರಿಂದ ಆರಂಭಿಸಿದರೆ ಅಂದಾಜುಗಳು 2420.5, 1211.2, 607.6, 307.8, 161.8, 95.8 ಎಂದು ಹೆಚ್ಚುಕಡಿಮೆ ಅರ್ಧರ್ಧವಾಗಿ ಇಳಿಯುತ್ತವೆ. xₙ ತುಂಬ ದೊಡ್ಡದಾದಾಗ a/xₙ ನಗಣ್ಯ. ಸರಾಸರಿಯಲ್ಲಿ ಉಳಿಯುವುದು xₙ ನ ಅರ್ಧ ಮಾತ್ರ. ದೋಷವು xₙ ಗಿಂತ ಬಹಳ ಚಿಕ್ಕದಾದ ಮೇಲೆಯೇ ಅಂಕಿಗಳು ಇಮ್ಮಡಿಸತೊಡಗುತ್ತವೆ. ಶೂನ್ಯದಿಂದ ಆರಂಭಿಸುವಂತೆಯೇ ಇಲ್ಲ. ಅಲ್ಲಿ ಸ್ಪರ್ಶರೇಖೆ ಅಕ್ಷಕ್ಕೆ ಸಮಾಂತರ.

ಮೂಲೆಯ ಚೌಕವು ವಿದ್ಯಾರ್ಥಿಯ ಲೆಕ್ಕವನ್ನು ಪರೀಕ್ಷಿಸುವ ಸಾಧನವೂ ಹೌದು. ಮೊದಲ ಅಂದಾಜು 69 ರಂತೆ ಕಡಿಮೆಯಾಗಿದ್ದರೆ ಪಟ್ಟಿಗಳನ್ನು ಸೇರಿಸಬೇಕಾಗುತ್ತದೆ. ಆಗ ಮೂಲೆಯ ಚೌಕವೂ ಜೊತೆಗೆ ಸೇರಿ, ಫಲಿತಾಂಶ ಮತ್ತೆ ಹೆಚ್ಚೇ ಆಗುತ್ತದೆ. ಹಾಗಾಗಿ ಮೊದಲ ಹಂತದ ಬಳಿಕ ಯಾವ ಅಂದಾಜಿನ ವರ್ಗವೂ a ಗಿಂತ ಕಡಿಮೆಯಾಗಬಾರದು. ಕಡಿಮೆಯಾಗಿದ್ದರೆ ಎಣಿಕೆಯಲ್ಲಿ ತಪ್ಪಿದೆ, ಇಲ್ಲವೇ ದಶಮಾಂಶಗಳನ್ನು ಬೇಗ ಕತ್ತರಿಸಲಾಗಿದೆ. 69.5714 ನ್ನು 69.57 ಎಂದು ಬರೆದರೆ ಅದರ ವರ್ಗ 4839.9849 ಆಗುವುದು ಎರಡನೆಯ ಬಗೆಯ ಉದಾಹರಣೆ. ಅಂಕಿಗಳು ಇಮ್ಮಡಿಯಾಗಬೇಕಾದರೆ ಉಳಿಸಿಕೊಳ್ಳುವ ದಶಮಾಂಶ ಸ್ಥಾನಗಳೂ ಇಮ್ಮಡಿಯಾಗಬೇಕು. ಇಂಥ ತಪ್ಪು ಮುಂದಿನ ಲೆಕ್ಕವನ್ನು ಕೆಡಿಸುವುದಿಲ್ಲ. ತಪ್ಪಿದ ಸಂಖ್ಯೆಯೇ ಹೊಸ ಆರಂಭವಾಗಿ, ಕ್ರಮವು ಮತ್ತೆ √a ಯತ್ತ ಸಾಗುತ್ತದೆ.

ಪೇಶಾವರದ ಬಳಿಯ ಬಕ್ಷಾಲಿ ಗ್ರಾಮದಲ್ಲಿ 1881 ರಲ್ಲಿ ದೊರೆತ ಭೂರ್ಜಪತ್ರದ ಹಸ್ತಪ್ರತಿಯಲ್ಲಿರುವ ವರ್ಗಮೂಲದ ಸೂತ್ರವು ಈ ಕ್ರಮದ ಎರಡು ಹಂತಗಳಿಗೆ ಸಮ. ಮೊದಲು ತಿದ್ದುಪಡಿಯನ್ನು ಮಾಡಿ, ಬಳಿಕ ಆ ತಿದ್ದುಪಡಿಯ ವರ್ಗವನ್ನು ಹೊಸ ಅಂದಾಜಿನ ಎರಡರಷ್ಟರಿಂದ ಭಾಗಿಸಿ ಕಳೆಯಬೇಕೆಂಬುದು ಅದರ ತಿರುಳು. ಅಲ್ಲಿ ಕಳೆಯುವುದು ಮೂಲೆಯ ಚೌಕದಿಂದ ಹುಟ್ಟಿದ ದೋಷವನ್ನೇ.